100 ಎಂಬಿಪಿಎಸ್ ಪ್ಲಾನ್ ಇದ್ದರೂ ಮೀಟಿಂಗ್ ಯಾಕೆ ಕಡಿಯುತ್ತದೆ? ಅಪ್‌ಲೋಡ್ ಕಡೆಯ ಲೆಕ್ಕ

ಚಿಕ್ಕಮಗಳೂರಿನ ತೋಟದ ಮನೆಗಳ ಮೇಲೆ ಈಗ ಟವರ್‌ನಿಂದ ಸಿಗ್ನಲ್ ಹಿಡಿಯುವ ಬಿಳಿ ಡಬ್ಬಿಗಳು ಜಾಸ್ತಿ ಕಾಣುತ್ತಿವೆ. ಕೇಬಲ್ ಎಳೆಯಲು ಆಗದ ಜಾಗಕ್ಕೂ ಬ್ರಾಡ್‌ಬ್ಯಾಂಡ್ ಬಂತು. ಬೆಂಗಳೂರಿನ ಕೆಲಸವನ್ನು ಮೂಡಿಗೆರೆಯಲ್ಲೋ ಆಲ್ದೂರಿನಲ್ಲೋ ಕೂತು ಮಾಡುವವರು ಹೆಚ್ಚಾದರು. ಅದರ ಜೊತೆಗೇ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. ಸಿನಿಮಾ ಒಂಚೂರೂ ನಿಲ್ಲದೆ ಓಡುತ್ತದೆ, ಮೀಟಿಂಗ್‌ನಲ್ಲಿ ಮಾತ್ರ "ನಿಮ್ಮ ದನಿ ಕಡಿದು ಬರ್ತಿದೆ" ಅಂತಾರೆ. ಫೋಟೊ ಬ್ಯಾಕಪ್ ದಿನಗಟ್ಟಲೆ ಮುಗಿಯುವುದಿಲ್ಲ.

ಎರಡೂ ತೊಂದರೆಗಳಿಗೆ ಬಹಳ ಸಲ ಒಂದೇ ಕಾರಣ. ನಾವು ಪ್ಲಾನ್ ತೆಗೆದುಕೊಳ್ಳುವಾಗ ನೋಡದೆ ಬಿಟ್ಟ ಎರಡನೇ ಸಂಖ್ಯೆ ಅದು.

## ಎರಡು ದಿಕ್ಕು, ಎರಡು ವೇಗ

ಇಂಟರ್‌ನೆಟ್‌ನಿಂದ ನಿಮ್ಮ ಮನೆಗೆ ಬರುವುದು ಡೌನ್‌ಲೋಡ್. ನಿಮ್ಮ ಮನೆಯಿಂದ ಹೊರಗೆ ಹೋಗುವುದು ಅಪ್‌ಲೋಡ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುವ 100 ಅಥವಾ 200 ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಅಪ್‌ಲೋಡ್ ಕೆಲವು ಪ್ಲಾನ್‌ಗಳಲ್ಲಿ ಅಷ್ಟೇ ಇರುತ್ತದೆ, ಕೆಲವುಗಳಲ್ಲಿ ಹತ್ತರಲ್ಲಿ ಒಂದು ಪಾಲು, ಇನ್ನು ಕೆಲವುಗಳಲ್ಲಿ ಅದಕ್ಕಿಂತ ಕಡಿಮೆ. ಡೌನ್‌ಲೋಡ್ 100, ಅಪ್‌ಲೋಡ್ 10 ಇದ್ದರೆ ಅನುಪಾತ ಹತ್ತಕ್ಕೆ ಒಂದು.

ನಮ್ಮ ದೇಶದಲ್ಲಿ ಯಾವುದನ್ನು ಬ್ರಾಡ್‌ಬ್ಯಾಂಡ್ ಅನ್ನಬಹುದು ಎಂಬ ಸರ್ಕಾರಿ ವ್ಯಾಖ್ಯೆ 2023ರಲ್ಲಿ ಬದಲಾಯಿತು. ಕನಿಷ್ಠ ವೇಗ 512 ಕೆಬಿಪಿಎಸ್ ಇದ್ದದ್ದು 2 ಎಂಬಿಪಿಎಸ್ ಆಯಿತು. ಅದರಲ್ಲಿ ಹೇಳಿರುವುದು ಡೌನ್‌ಲೋಡ್ ವೇಗವನ್ನು ಮಾತ್ರ. ಅಮೆರಿಕದವರು 2024ರಲ್ಲಿ ತಮ್ಮ ಅಳತೆಯನ್ನು ಡೌನ್‌ಲೋಡ್‌ಗೆ 100, ಅಪ್‌ಲೋಡ್‌ಗೆ 20 ಎಂಬಿಪಿಎಸ್ ಅಂತ ಎರಡು ಸಂಖ್ಯೆಗಳಲ್ಲಿ ಬರೆದಿದ್ದಾರೆ. ಇಲ್ಲೂ ಹಾಗೆ ಬರೆಯಬೇಕು ಅಂತ ನನಗೆ ಅನಿಸುತ್ತದೆ, ಯಾಕೆಂದರೆ ಬರೆಯದ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವೇಗವನ್ನು ಬಿಟ್‌ನಲ್ಲಿ ಅಳೆಯುತ್ತಾರೆ, ಫೈಲನ್ನು ಬೈಟ್‌ನಲ್ಲಿ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 8 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1 ಎಂಬಿ ಹೊರಗೆ ಹೋಗುತ್ತದೆ. ಮುಂದಿನ ಲೆಕ್ಕಗಳಿಗೆಲ್ಲ ಇದು ಬೇಕು.

## ಒಂದು ಹೋಮ್‌ಸ್ಟೇಯ ಶುಕ್ರವಾರ ಸಂಜೆ

ಆಲ್ದೂರಿನ ಹತ್ತಿರ ಪರಿಚಯದವರ ಒಂದು ಹೋಮ್‌ಸ್ಟೇ ಇದೆ. ಅವರ ಮಗಳು ಅಲ್ಲಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತಾಳೆ. ಸಂಜೆ ಏಳಕ್ಕೆ ಅಮೆರಿಕದವರ ಜೊತೆ ಮೀಟಿಂಗ್. ವಾರವಿಡೀ ಸರಿ ಇರುತ್ತದೆ, ಶುಕ್ರವಾರ ಕೆಡುತ್ತದೆ. "ನೆಟ್ ಚೆನ್ನಾಗೇ ಇದೆ ಕಣಣ್ಣಾ, ಟೆಸ್ಟ್ ಮಾಡಿದ್ರೆ ನೂರರ ಹತ್ತಿರ ಬರುತ್ತೆ, ಮೀಟಿಂಗ್ ಮಾತ್ರ ಹೀಗೆ" ಅಂದಳು. ಅವಳು ನೋಡಿದ್ದು ಡೌನ್‌ಲೋಡ್ ಸಂಖ್ಯೆ. ಅದೇ ಪರದೆಯಲ್ಲಿ ಪಕ್ಕಕ್ಕೆ ಅಪ್‌ಲೋಡ್ 6 ಅಂತ ಇತ್ತು.

ಶುಕ್ರವಾರಕ್ಕೂ ಅಪ್‌ಲೋಡ್‌ಗೂ ಏನು ಸಂಬಂಧ? ಅವತ್ತು ಅತಿಥಿಗಳು ಬರುತ್ತಾರೆ. ದಾರಿಯಲ್ಲೇ ಮುಳ್ಳಯ್ಯನಗಿರಿ ಹತ್ತಿ, ಫೋಟೊ ವಿಡಿಯೊ ತೆಗೆದು, ಸಂಜೆ ರೂಮಿಗೆ ಬಂದು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಬಹಳಷ್ಟು ಫೋನ್‌ಗಳಲ್ಲಿ ವೈಫೈ ಸಿಕ್ಕಾಗ ಮಾತ್ರ ಬ್ಯಾಕಪ್ ಆಗುವ ಹಾಗೆ ಸೆಟಿಂಗ್ ಇರುತ್ತದೆ. ಸಿಕ್ಕ ತಕ್ಷಣ, ಯಾರೂ ಏನೂ ಒತ್ತದೆ, ಇಡೀ ದಿನದ ಚಿತ್ರಗಳು ಮೇಲೆ ಹೋಗಲು ಶುರುವಾಗುತ್ತವೆ. ಅತಿಥಿಗಳು ಮಾತ್ರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತಾರೆ.

ನಾಲ್ಕು ಜನರದ್ದು ಸೇರಿ 6 ಜಿಬಿ ಅಂತಿಟ್ಟುಕೊಳ್ಳಿ. ಜಾಸ್ತಿ ಏನಲ್ಲ. 4ಕೆ ವಿಡಿಯೊ ಫೋನಿನಲ್ಲಿ ನಿಮಿಷಕ್ಕೆ 170ರಿಂದ 400 ಎಂಬಿ ತನಕ ಜಾಗ ಹಿಡಿಯುತ್ತದೆ. 6 ಜಿಬಿ ಅಂದರೆ 48,000 ಮೆಗಾಬಿಟ್. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಹೊರಗೆ ಹೋಗಲು 8,000 ಸೆಕೆಂಡ್ ಬೇಕು, ಅಂದರೆ ಎರಡು ಗಂಟೆ ಹದಿಮೂರು ನಿಮಿಷ. ಅಷ್ಟೇ ಡೇಟಾ 100 ಎಂಬಿಪಿಎಸ್‌ನಲ್ಲಿ ಡೌನ್‌ಲೋಡ್ ಆಗಲು ಎಂಟು ನಿಮಿಷ ಸಾಕು. ಏಳಕ್ಕೆ ಶುರುವಾದ ಬ್ಯಾಕಪ್ ಒಂಬತ್ತು ದಾಟುವ ತನಕ ಅಪ್‌ಲೋಡ್ ದಾರಿಯನ್ನು ತುಂಬಿಕೊಂಡೇ ಇರುತ್ತದೆ. ಮೀಟಿಂಗ್ ಇರುವುದು ಅದೇ ಹೊತ್ತಿನಲ್ಲಿ.

## ಮೀಟಿಂಗ್‌ಗೆ ಬೇಕಾಗುವುದು ಎಷ್ಟು?

ಇಲ್ಲಿ ಒಂದು ಪ್ರಶ್ನೆ ಬರಬೇಕು. ಇಬ್ಬರೇ ಮಾತಾಡುವ 720ಪಿ ವಿಡಿಯೊ ಕರೆಗೆ ಝೂಮ್‌ನವರು ಹೇಳುವುದು ಎರಡೂ ದಿಕ್ಕಿನಲ್ಲಿ 1.2 ಎಂಬಿಪಿಎಸ್ ಬೇಕು ಅಂತ. ಬರೀ ದನಿಗೆ ಅದರ ಹತ್ತರಲ್ಲಿ ಒಂದು ಪಾಲೂ ಬೇಡ. 6 ಇರುವಾಗ ಇದಕ್ಕೆ ಧಾರಾಳವಾಗಿ ಸಾಕಲ್ವಾ?

ಕರೆ ಒಂದೇ ಇದ್ದರೆ ಖಂಡಿತ ಸಾಕು. ಸೋಮವಾರದಿಂದ ಗುರುವಾರದ ತನಕ ತೊಂದರೆ ಆಗದೇ ಇದ್ದದ್ದು ಅದಕ್ಕೇ. ಕೆಡಿಸುವುದು ಕಾಯುವ ಸಮಯ.

ಡೇಟಾ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಈ ತುಂಡನ್ನು ಪ್ಯಾಕೆಟ್ ಅನ್ನುತ್ತಾರೆ. ಮನೆಯೊಳಗಿನ ವೈಫೈ ವೇಗ ಜಾಸ್ತಿ, ಹೊರಗೆ ಹೋಗುವ ದಾರಿ ಸಣ್ಣದು. ಹೊರಡಲು ಆಗದ ಪ್ಯಾಕೆಟ್‌ಗಳನ್ನು ರೂಟರೋ ಮಾಳಿಗೆ ಮೇಲಿನ ಡಬ್ಬಿಯೋ ಸ್ವಲ್ಪ ಹೊತ್ತು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಹಾಗೆ ಇಟ್ಟುಕೊಳ್ಳುವ ಜಾಗದ ಹೆಸರು ಬಫರ್.

ಬ್ಯಾಕಪ್ ಕೆಲಸದ ಸ್ವಭಾವವೇ ಬೇರೆ. ಅದು ಪ್ಯಾಕೆಟ್ ಕಳಿಸುತ್ತಾ, ಎಲ್ಲ ತಲುಪುತ್ತಿದ್ದರೆ ಇನ್ನೂ ಜೋರಾಗಿ ಕಳಿಸುತ್ತದೆ. ಎಲ್ಲಾದರೂ ಪ್ಯಾಕೆಟ್ ಕಳೆದುಹೋದರೆ ಮಾತ್ರ "ದಾರಿ ತುಂಬಿದೆ" ಅಂತ ಗೊತ್ತಾಗಿ ನಿಧಾನಿಸುತ್ತದೆ. ಬಫರ್ ದೊಡ್ಡದಿದ್ದರೆ ಅದು ಪೂರ್ತಿ ತುಂಬುವ ತನಕ ಯಾವುದೂ ಕಳೆದುಹೋಗುವುದೇ ಇಲ್ಲ. ಹಾಗಾಗಿ ಬ್ಯಾಕಪ್ ನಡೆಯುವಷ್ಟು ಹೊತ್ತೂ ಬಫರ್ ತುಂಬಿರುತ್ತದೆ.

ಶಿರಾಡಿ ಘಾಟಿ ನೆನಪಿಸಿಕೊಳ್ಳಿ. ಲೋಡ್ ಲಾರಿಗಳ ಸಾಲು ಏರು ಹತ್ತುತ್ತಿದೆ, ಹಿಂದೆ ಒಂದು ಸ್ಕೂಟರ್ ಸಿಕ್ಕಿಕೊಂಡಿದೆ, ಮುಂದೆ ಹಾಕಲು ಜಾಗ ಇಲ್ಲ. ಸ್ಕೂಟರ್‌ಗೆ ರಸ್ತೆಯಲ್ಲಿ ಒಂದು ಮೊಳ ಅಗಲ ಸಾಕು, ಆದರೂ ಲಾರಿಗಳು ಹೋಗುವ ತನಕ ಅದು ಕಾಯಲೇಬೇಕು. ಮೀಟಿಂಗ್‌ನ ಸಣ್ಣ ಪ್ಯಾಕೆಟ್‌ಗಳ ಗತಿ ಬಫರ್‌ನಲ್ಲಿ ಹೀಗೇ ಆಗುತ್ತದೆ.

ಎಷ್ಟು ಹೊತ್ತು ಕಾಯಬೇಕು ಅಂತ ಲೆಕ್ಕ ಹಾಕಬಹುದು. ಬಫರ್ 750 ಕಿಲೋಬೈಟ್ ಅಂತಿಟ್ಟುಕೊಂಡರೆ ಅದು 6 ಮೆಗಾಬಿಟ್. 6 ಎಂಬಿಪಿಎಸ್ ದಾರಿಯಲ್ಲಿ ಅದು ಖಾಲಿಯಾಗಲು ಪೂರ್ತಿ ಒಂದು ಸೆಕೆಂಡ್ ಬೇಕು. ಅಂದರೆ ಸಾಲಿನ ಕೊನೆಗೆ ಬಂದ ಪ್ರತಿ ಪ್ಯಾಕೆಟ್ ಒಂದು ಸೆಕೆಂಡ್ ತಡ. ಅದೇ ಬಫರ್ 100 ಎಂಬಿಪಿಎಸ್ ದಾರಿಯಲ್ಲಿದ್ದಿದ್ದರೆ 60 ಮಿಲಿಸೆಕೆಂಡ್‌ನಲ್ಲಿ ಖಾಲಿ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಅರವತ್ತು, ಅಷ್ಟೇ. ಅದು ಮಾತಿನ ನಡುವೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಯಾರೋ ದೊಡ್ಡ ಸಿನಿಮಾ ಡೌನ್‌ಲೋಡ್ ಮಾಡಿದಾಗ ಸುಮ್ಮನಿದ್ದ ಮೀಟಿಂಗ್, ಯಾರೋ ಫೋಟೊ ಅಪ್‌ಲೋಡ್ ಮಾಡಿದ ಕೂಡಲೇ ಒದ್ದಾಡುವುದಕ್ಕೆ ಇದೇ ಕಾರಣ.

ಫೋನ್ ಮಾತುಕತೆಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ, 400 ದಾಟಬಾರದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಇಲ್ಲಿ ಆಗುತ್ತಿರುವುದು ಸಾವಿರ. ಸಿನಿಮಾ ಆದರೆ ಮುಂದಿನ ಅರ್ಧ ನಿಮಿಷದ್ದನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ನೀವು ಇನ್ನೂ ಆಡದ ಮಾತನ್ನು ಮೊದಲೇ ಕಳಿಸಲು ಆಗುವುದಿಲ್ಲವಲ್ಲ. ತಡವಾಗಿ ಬಂದ ದನಿಯ ತುಂಡನ್ನು ಆ ಕಡೆಯ ಆ್ಯಪ್ ಬಿಸಾಕುತ್ತದೆ. ಅಲ್ಲಿರುವವರಿಗೆ ನಿಮ್ಮ ಮುಖ ಮೊದಲು ಮಸುಕಾಗುತ್ತದೆ, ಆಮೇಲೆ ನಿಂತುಹೋಗುತ್ತದೆ, ಕೊನೆಗೆ ದನಿ ಕಡಿದು ಕಡಿದು ಯಂತ್ರದ ದನಿಯಂತೆ ಕೇಳುತ್ತದೆ. ನಿಮಗೆ ಮಾತ್ರ ಅವರೆಲ್ಲ ಸ್ವಚ್ಛವಾಗಿ ಕಾಣುತ್ತಿರುತ್ತಾರೆ. ಈ ಲಕ್ಷಣ ಕಂಡರೆ ಮೊದಲು ಅಪ್‌ಲೋಡ್ ಮೇಲೆ ಅನುಮಾನ ಪಡಿ.

## ಡೌನ್‌ಲೋಡ್ ಕೂಡ ಯಾಕೆ ಎಳೆಯುತ್ತದೆ?

ಅಪ್‌ಲೋಡ್ ತುಂಬಿದಾಗ ವೆಬ್‌ಪುಟ ತೆರೆಯುವುದೂ ನಿಧಾನ ಆಗುವುದನ್ನು ನೀವು ನೋಡಿರಬಹುದು. ನೀವು ಏನನ್ನಾದರೂ ಡೌನ್‌ಲೋಡ್ ಮಾಡುವಾಗ ನಿಮ್ಮ ಕಡೆಯಿಂದ "ಬಂತು, ಮುಂದಿನದು ಕಳಿಸಿ" ಅಂತ ಸಣ್ಣ ರಸೀದಿಗಳು ಹೋಗುತ್ತಿರಬೇಕು. 100 ಎಂಬಿಪಿಎಸ್ ಪೂರ್ತಿ ಓಡುವಾಗ ಸೆಕೆಂಡಿಗೆ ಎಂಟು ಸಾವಿರಕ್ಕೂ ಹೆಚ್ಚು ಪ್ಯಾಕೆಟ್ ಬರುತ್ತವೆ. ಎರಡಕ್ಕೆ ಒಂದರಂತೆ ರಸೀದಿ ಹೋದರೆ, ಬರೀ ರಸೀದಿಗಳಿಗೇ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್ ಬೇಕಾಗುತ್ತದೆ. ಆ ರಸೀದಿಗಳೂ ಬ್ಯಾಕಪ್‌ನ ಹಿಂದೆ ಸಾಲಿನಲ್ಲಿ ನಿಂತರೆ ಕಳಿಸುವವರು ಕಾಯುತ್ತಾರೆ. ನಿಮ್ಮ 100 ಆಗ ಎಷ್ಟಕ್ಕೆ ಬೇಕಾದರೂ ಇಳಿಯಬಹುದು.

## ಇಷ್ಟು ಓರೆಯಾಗಿ ಹಂಚುವುದು ಯಾಕೆ?

ಹಳೆಯ ದೂರವಾಣಿ ತಂತಿಯ ಕಾಲದಿಂದ ಬಂದದ್ದು ಇದು. ಆಗಿನ ಎಡಿಎಸ್ಎಲ್ ತಂತ್ರದಲ್ಲಿ ತಾಮ್ರದ ತಂತಿಯ ತರಂಗಗಳಲ್ಲಿ ಸಣ್ಣ ಪಾಲು ಅಪ್‌ಲೋಡ್‌ಗೆ, ಉಳಿದದ್ದು ಡೌನ್‌ಲೋಡ್‌ಗೆ ಅಂತ ಹಂಚಿದ್ದರು. ಅದರ ಸುಧಾರಿತ ರೂಪದಲ್ಲಿ ಡೌನ್‌ಲೋಡ್ 24 ಎಂಬಿಪಿಎಸ್ ತನಕ ಹೋದರೆ ಅಪ್‌ಲೋಡ್ ಒಂದರ ಆಸುಪಾಸು. ಆಗ ಜನ ಓದುತ್ತಿದ್ದರು, ನೋಡುತ್ತಿದ್ದರು, ಕಳಿಸುವುದು ಕಡಿಮೆ ಇತ್ತು. ಹಂಚಿಕೆ ಸರಿಯಾಗೇ ಇತ್ತು.

ವೈರ್‌ಲೆಸ್ ಬ್ರಾಡ್‌ಬ್ಯಾಂಡ್‌ನಲ್ಲಿ ಕಾರಣ ಬೇರೆ. 5ಜಿ ಹೆಚ್ಚಾಗಿ ಬಳಸುವ ತರಂಗದಲ್ಲಿ ಎರಡೂ ದಿಕ್ಕಿಗೆ ಒಂದೇ ದಾರಿ, ಸರದಿ ಮೇಲೆ ಬಳಕೆ. ಸಮಯದ ಸುಮಾರು ಮುಕ್ಕಾಲು ಪಾಲನ್ನು ಸಾಮಾನ್ಯವಾಗಿ ಡೌನ್‌ಲೋಡ್‌ಗೆ ಕೊಟ್ಟಿರುತ್ತಾರೆ. ಇನ್ನೊಂದು, ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡಬಲ್ಲದು, ಮೊಬೈಲ್ ಫೋನ್ ತಿರುಗಿ ಮಾತಾಡುವುದು ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು 0.2 ವ್ಯಾಟ್‌ನಲ್ಲಿ. ಮಾಳಿಗೆಯ ಡಬ್ಬಿಯ ಆಂಟೆನಾ ಫೋನಿನದಕ್ಕಿಂತ ವಾಸಿ, ಆದರೂ ಟವರ್‌ಗೆ ಸಾಟಿ ಅಲ್ಲ. ಮಧ್ಯೆ ಗುಡ್ಡ, ಸಿಲ್ವರ್ ಓಕ್ ಮರಗಳ ಸಾಲು ಬಂದರೆ ಮೊದಲು ಸೋಲುವುದು ಅಪ್‌ಲೋಡ್. ನಮ್ಮ ಮಲೆನಾಡಿನಲ್ಲಿ ಈ ತೊಂದರೆ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ.

ಫೈಬರ್‌ನ ಕಥೆ ಹಾಗಲ್ಲ. ಮನೆಗಳಿಗೆ ಫೈಬರ್ ಕೊಡಲು ಬಹಳ ಕಡೆ ಬಳಸುವ ಜಿಪಾನ್ ತಂತ್ರದಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಒಟ್ಟು ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ 1.25. ಅಲ್ಲಿಗೆ ಅನುಪಾತ ಎರಡಕ್ಕೆ ಒಂದು. ಹಾಗಾಗಿ ಫೈಬರ್‌ನಲ್ಲಿ ಹತ್ತಕ್ಕೆ ಒಂದು ಅಪ್‌ಲೋಡ್ ಕೊಟ್ಟಿದ್ದರೆ ಅದು ಪ್ಲಾನ್ ಮಾಡಿದವರ ತೀರ್ಮಾನ, ತಂತಿಯ ಮಿತಿ ಅಲ್ಲ. ಎರಡೂ ದಿಕ್ಕಿಗೆ ಒಂದೇ ವೇಗ ಕೊಡುವ ಫೈಬರ್ ಪ್ಲಾನ್‌ಗಳು ಇವೆ. ಹಾಸನ, ಚಿಕ್ಕಮಗಳೂರು ಪೇಟೆಯೊಳಗೆ ಇರುವವರು ಹೊಸ ಸಂಪರ್ಕ ಹಾಕಿಸುವ ಮೊದಲು "ಅಪ್‌ಲೋಡ್ ಎಷ್ಟು?" ಅಂತ ಕೇಳಿ, ಉತ್ತರವನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

## ನಿಮ್ಮ ಮನೆಯದ್ದೂ ಇದೇ ತೊಂದರೆಯಾ?

ನೋಡುವುದು ಸುಲಭ. fast.com ತೆರೆದು, ಪರೀಕ್ಷೆ ಮುಗಿದ ಮೇಲೆ `Show more info` ಒತ್ತಿ. ಅಪ್‌ಲೋಡ್ ವೇಗದ ಜೊತೆಗೆ `Unloaded` ಮತ್ತು `Loaded` ಅಂತ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ದಾರಿ ಖಾಲಿ ಇದ್ದಾಗಿನ ತಡ, ಎರಡನೆಯದು ತುಂಬಿದಾಗಿನದು. ಅಪ್‌ಲೋಡ್ ತುಂಬಿದಾಗಿನ ತಡ ನೋಡಲು `Settings` ಒಳಗೆ `Measure loaded latency during upload` ಎಂಬುದಕ್ಕೆ ಗುರುತು ಹಾಕಿ ಮತ್ತೆ ಪರೀಕ್ಷೆ ಮಾಡಿ. 30 ಇದ್ದದ್ದು 80 ಆದರೆ ಚಿಂತೆ ಇಲ್ಲ. 600, 900 ಆದರೆ ಬಫರ್‌ನಲ್ಲಿ ಸಾಲು ನಿಲ್ಲುತ್ತಿದೆ ಅಂತ.

ವೈಫೈ ತಪ್ಪೋ ಅಪ್‌ಲೋಡ್ ತಪ್ಪೋ ಅಂತ ಬೇರೆ ಮಾಡಲು ಇನ್ನೊಂದು ದಾರಿ ಇದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು ಒಂದೊಂದರಲ್ಲಿ ಒಂದನ್ನು ಓಡಿಸಿ:

```
ping -t 192.168.1.1
ping -t 8.8.8.8
```

ಮೊದಲನೆಯದು ನಿಮ್ಮ ರೂಟರ್ (ನಿಮ್ಮದರ ವಿಳಾಸ ಬೇರೆ ಇರಬಹುದು, ರೂಟರ್‌ನ ಅಡಿಯಲ್ಲಿ ಬರೆದಿರುತ್ತದೆ), ಎರಡನೆಯದು ಹೊರಗಿನದು. ಈಗ ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿ. ರೂಟರ್‌ನ ಸಂಖ್ಯೆ ಮೂರೋ ಐದೋ ಮಿಲಿಸೆಕೆಂಡ್‌ನಲ್ಲೇ ಇದ್ದು ಹೊರಗಿನದು ಮಾತ್ರ ಸಾವಿರದ ಕಡೆ ಜಿಗಿದರೆ ವೈಫೈ ಚೆನ್ನಾಗಿದೆ, ಸಾಲು ಅದರಾಚೆ ಇದೆ. ರೂಟರ್‌ನದ್ದೇ ಏರಿಳಿದರೆ ಗೋಡೆ, ದೂರ, ಹಳೆಯ ವೈಫೈ ಇವುಗಳನ್ನು ನೋಡಬೇಕು. ಆಗ ಪ್ಲಾನ್ ಬದಲಿಸಿ ಪ್ರಯೋಜನ ಇಲ್ಲ.

ಆ ಹೋಮ್‌ಸ್ಟೇಯಲ್ಲಿ ಖಾಲಿ ಇದ್ದಾಗ 35ರ ಹತ್ತಿರ ಇದ್ದ ಹೊರಗಿನ ಸಂಖ್ಯೆ, ಎರಡು ಫೋನ್‌ನಿಂದ ಅಪ್‌ಲೋಡ್ ಹಾಕಿದ ಮೇಲೆ ಸಾವಿರ ದಾಟಿತು. ನಿಲ್ಲಿಸಿದ ಎರಡು ಸೆಕೆಂಡ್‌ಗೆ ಮತ್ತೆ 35. ಅಲ್ಲಿಗೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

## ಪ್ಲಾನ್ ಬದಲಿಸದೆ ಮಾಡಬಹುದಾದದ್ದು

ಲಾರಿಗಳು ರಸ್ತೆಯನ್ನು ಪೂರ್ತಿ ತುಂಬದ ಹಾಗೆ ನೋಡಿಕೊಂಡರೆ ಸಾಕು. ಅತಿಥಿಗಳ ಫೋನ್ ನಮ್ಮ ಕೈಯಲ್ಲಿಲ್ಲ, ಆದರೆ ರೂಟರ್ ನಮ್ಮದು. ಹಲವು ರೂಟರ್‌ಗಳಲ್ಲಿ ಅತಿಥಿಗಳಿಗೆ ಬೇರೆ ವೈಫೈ ಹೆಸರು ಕೊಟ್ಟು, ಅದರ ಅಪ್‌ಲೋಡ್‌ಗೆ ಮಿತಿ ಹಾಕಲು ಬರುತ್ತದೆ. ಆ ಮನೆಯಲ್ಲಿ ಅತಿಥಿಗಳ ವೈಫೈಗೆ 3 ಎಂಬಿಪಿಎಸ್ ಮಿತಿ ಇಟ್ಟರು. ಉಳಿದ 3 ಮೀಟಿಂಗ್‌ಗೆ ಧಾರಾಳ. ಬ್ಯಾಕಪ್ ಎರಡು ಗಂಟೆಯ ಬದಲು ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಅತಿಥಿಗಳು ನಿದ್ದೆ ಮಾಡುವಾಗಲೂ ಅದು ನಡೆಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕಿಂತ ಒಳ್ಳೆಯ ಉಪಾಯ ರೂಟರ್‌ನಲ್ಲಿ `SQM` ಎಂಬ ಸೌಲಭ್ಯ ಇದ್ದರೆ ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರ್‌ಗಳಲ್ಲಿ ಇದನ್ನು ಸೇರಿಸಿಕೊಳ್ಳಬಹುದು. ಅಳೆದ ಅಪ್‌ಲೋಡ್ ವೇಗದ 85–90 ಶೇಕಡಾ ಸಂಖ್ಯೆಯನ್ನು ಅದಕ್ಕೆ ಕೊಡಬೇಕು. 6 ಇದ್ದರೆ 5 ಅಥವಾ ಸ್ವಲ್ಪ ಜಾಸ್ತಿ. ಬೇಕೆಂದೇ ಕಡಿಮೆ ಕೊಡುವುದು ಯಾಕೆಂದರೆ, ಆಗ ಸಾಲು ಕಂಪನಿಯ ಡಬ್ಬಿಯಲ್ಲಿ ನಿಲ್ಲದೆ ನಿಮ್ಮ ರೂಟರ್‌ನಲ್ಲಿ ನಿಲ್ಲುತ್ತದೆ. ನಿಮ್ಮ ರೂಟರ್ `fq_codel` ಅಥವಾ `cake` ಎಂಬ ವಿಧಾನದಿಂದ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದಕ್ಕೂ ದಾರಿ ಬಿಡುತ್ತದೆ. ಮೀಟಿಂಗ್‌ನ ಪ್ಯಾಕೆಟ್ ಸಣ್ಣ ಸಾಲಿನಲ್ಲಿ ಬಂದು ಬೇಗ ಹೊರಟುಹೋಗುತ್ತದೆ. ಒಂದು ಎಚ್ಚರಿಕೆ: ವೈರ್‌ಲೆಸ್ ಸಂಪರ್ಕದ ವೇಗ ಗಂಟೆಗೊಂದು ತರ ಇರುತ್ತದೆ. ಮಧ್ಯಾಹ್ನದ ಒಳ್ಳೆಯ ವೇಗ ನೋಡಿ ಸಂಖ್ಯೆ ಕೊಟ್ಟರೆ ರಾತ್ರಿ ಎಂಟಕ್ಕೆ ವೇಗ ಇಳಿದಾಗ ಸಾಲು ಮತ್ತೆ ಡಬ್ಬಿಗೆ ಹೋಗುತ್ತದೆ. ಕೆಟ್ಟ ಹೊತ್ತಿನಲ್ಲಿ ಅಳೆದು ಅದನ್ನೇ ಕೊಡಿ.

ಇದ್ಯಾವುದೂ ಆಗದಿದ್ದರೆ ಮೀಟಿಂಗ್ ಹೊತ್ತಿಗೆ ಮನೆಯವರ ಫೋನಿನ ಬ್ಯಾಕಪ್ ನಿಲ್ಲಿಸಿ, ನಿಮ್ಮ ವಿಡಿಯೊವನ್ನು ಕಡಿಮೆ ಗುಣಮಟ್ಟಕ್ಕೆ ಇಳಿಸಿ. ವಿಡಿಯೊ ಇಳಿಸಿದರೂ ಸಾಲು ತುಂಬಿದ್ದರೆ ದನಿ ತಡವಾಗೇ ಹೋಗುತ್ತದೆ ಎಂಬುದು ನೆನಪಿರಲಿ. ಬ್ಯಾಕಪ್ ನಿಲ್ಲಿಸುವುದೇ ಮುಖ್ಯ.

## ದೊಡ್ಡ ಬ್ಯಾಕಪ್‌ಗೆ

ಮದುವೆ ಫೋಟೊ ತೆಗೆಯುವವರು, ಮನೆಯ ಹಳೆಯ ಚಿತ್ರಗಳನ್ನೆಲ್ಲ ಕ್ಲೌಡ್‌ಗೆ ಹಾಕಬೇಕು ಅಂತ ಹೊರಟವರು ಮೊದಲು ಲೆಕ್ಕ ಹಾಕಿ. 200 ಜಿಬಿಯನ್ನು 6 ಎಂಬಿಪಿಎಸ್‌ನಲ್ಲಿ ಕಳಿಸಲು, ಒಂದು ಕ್ಷಣವೂ ನಿಲ್ಲದಿದ್ದರೆ, 74 ಗಂಟೆ ಬೇಕು. ಮೂರು ದಿನಕ್ಕೂ ಜಾಸ್ತಿ. ಮೊದಲ ಸಲದ್ದೇ ಭಾರ, ಆಮೇಲೆ ದಿನದಿನದ ಹೊಸ ಫೈಲ್ ಮಾತ್ರ ಹೋಗುತ್ತದೆ. ಹಾಗಾಗಿ ಮೊದಲ ಸಲದ್ದನ್ನು ಹಾರ್ಡ್‌ಡಿಸ್ಕ್‌ನಲ್ಲಿ ಒಯ್ದು, ಎರಡೂ ಕಡೆ 100 ಇರುವ ಹಾಸನದ ನೆಂಟರ ಮನೆಯಲ್ಲಿ ಕೂತು ಹಾಕಿದರೆ ನಾಲ್ಕೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಮನೆಯಿಂದಲೇ ಕಳಿಸುವುದಾದರೆ ಹಗಲು ನಿಧಾನ, ರಾತ್ರಿ ಪೂರ್ತಿ ವೇಗ ಅಂತ ಹೇಳಿಡಬಹುದು. ಗೂಗಲ್ ಡ್ರೈವ್‌ನ ಕಂಪ್ಯೂಟರ್ ಆ್ಯಪ್‌ನ ಸೆಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಇದೆ. ಕ್ಲೌಡ್‌ಗೆ ಫೈಲ್ ಕಳಿಸುವ ಆರ್‌ಕ್ಲೋನ್ ಎಂಬ ಕಮಾಂಡ್ ತಂತ್ರಾಂಶ ಬಳಸುವವರು ಗಂಟೆಯನ್ನೂ ಕೊಡಬಹುದು:

```
rclone copy D:\Photos gdrive:Photos --bwlimit "07:00,250k 23:00,off"
```

ಇಲ್ಲಿ `gdrive` ಅನ್ನುವುದು ನಿಮ್ಮ ಗೂಗಲ್ ಡ್ರೈವ್‌ಗೆ ಆರ್‌ಕ್ಲೋನ್‌ನಲ್ಲಿ ನೀವು ಮೊದಲೇ ಇಟ್ಟುಕೊಂಡ ಹೆಸರು. ಬೆಳಗ್ಗೆ ಏಳರಿಂದ ಸೆಕೆಂಡಿಗೆ 250 ಕಿಲೋಬೈಟ್, ಅಂದರೆ ಸುಮಾರು 2 ಎಂಬಿಪಿಎಸ್. ರಾತ್ರಿ ಹನ್ನೊಂದರ ನಂತರ ಮಿತಿ ಇಲ್ಲ.

ಎಲ್ಲ ಫೋಟೊಗಳನ್ನು ಸೇರಿಸಿ 50 ಜಿಬಿಯ ಒಂದೇ ಜಿಪ್ ಫೈಲ್ ಮಾಡುವುದು ಬೇಡ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಆಗುವುದಿಲ್ಲ. ಕಂಪ್ಯೂಟರ್ ಆಫ್ ಆಗಿ ಮತ್ತೆ ಶುರುವಾದರೆ ಆರ್‌ಕ್ಲೋನ್ ಅರ್ಧಕ್ಕೆ ನಿಂತ ಫೈಲನ್ನು ಮೊದಲಿನಿಂದ ಕಳಿಸುತ್ತದೆ, 6 ಎಂಬಿಪಿಎಸ್‌ನಲ್ಲಿ ಒಂದು ರಾತ್ರಿಯ ಅಪ್‌ಲೋಡ್ ಪೂರ್ತಿ ಹಾಳು. ಫೋಟೊಗಳನ್ನು ಇದ್ದ ಹಾಗೇ ಬಿಟ್ಟರೆ ಹೋದವು ಹೋದ ಹಾಗೇ ಇರುತ್ತವೆ, ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಮತ್ತೆ ಓಡಿಸಿದರೆ ಉಳಿದವು ಮಾತ್ರ ಹೋಗುತ್ತವೆ.